ಎಷ್ಟು ಬಿಲೋ ಹಾಕೋಣ?

ಟೆಂಡರ್‌ ಸಲ್ಲಿಸುವ ಕೊನೆಯ ದಿನ ಸಂಜೆ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: ‘ಸರ್, ಎಷ್ಟು ಬಿಲೋ ಹಾಕೋಣ?’

ಸಣ್ಣ ಗುತ್ತಿಗೆದಾರರಿಗೆ ಟೆಂಡರ್ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ‘ಬಿಲೋ’ ಎಂದರೆ ಇಲಾಖೆ ಹಾಕಿದ ಅಂದಾಜು ಮೊತ್ತಕ್ಕಿಂತ ಶೇಕಡ ಎಷ್ಟು ಕಡಿಮೆ ಎಂಬ ಲೆಕ್ಕ. ಹತ್ತು ಬಿಲೋ ಎಂದರೆ ನೂರು ರೂಪಾಯಿಯ ಕೆಲಸವನ್ನು ತೊಂಬತ್ತಕ್ಕೆ ಮಾಡಿಕೊಡುತ್ತೇನೆ ಎಂದು ಬರೆದುಕೊಟ್ಟಂತೆ. ಅರ್ಹತೆ ಇರುವವರಲ್ಲಿ ಯಾರ ಮೊತ್ತ ಎಲ್ಲರಿಗಿಂತ ಕಡಿಮೆಯೋ ಅವರು ಎಲ್-1. ಕೆಲಸ ಅವರದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ತಿರುಳೂ ಇದೇ.

‘ಎಷ್ಟು ಬಿಲೋ ಹಾಕೋಣ’ ಎನ್ನುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ‘ನಿಮ್ಮ ತಳ ಎಷ್ಟು?’ ಯಾವ ಮೊತ್ತಕ್ಕಿಂತ ಒಂದು ರೂಪಾಯಿ ಕೆಳಗಿಳಿದರೂ ಕೈಯಿಂದ ಹೋಗುತ್ತದೋ ಅದು ತಳ. ಈ ಅಂಕಿ ಗೊತ್ತಿಲ್ಲದೆ ಬಿಲೋ ಹಾಕುವವರು ಎದುರಾಳಿಯ ಮನಸ್ಸನ್ನು ಊಹಿಸುತ್ತಾ ಕೂರುತ್ತಾರೆ, ತಮ್ಮ ಜೇಬನ್ನು ಮಾತ್ರ ನೋಡಿಕೊಂಡಿರುವುದಿಲ್ಲ.

ಬಿಲೋ ಹಾಕಲು ಜಾಗ ಎಲ್ಲಿಂದ ಬಂತು?

ಇಲಾಖೆಯ ಅಂದಾಜು ಎಸ್‌ಆರ್ ಅಂದರೆ ದರಪಟ್ಟಿಯ ಮೇಲೆ ನಿಂತಿರುತ್ತದೆ. ನಮ್ಮ ಲೋಕೋಪಯೋಗಿ ಇಲಾಖೆ ಇಂಥ ಪಟ್ಟಿ ಇಟ್ಟುಕೊಂಡಿದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಎಷ್ಟು ಸಿಮೆಂಟ್, ಎಷ್ಟು ಜಲ್ಲಿ, ಎಷ್ಟು ಆಳು, ಎಷ್ಟು ಯಂತ್ರ ಎಂದು ಬಿಡಿಸಿ, ಅದರ ಮೇಲೆ ಗುತ್ತಿಗೆದಾರನ ಮೇಲ್ವೆಚ್ಚ ಮತ್ತು ಲಾಭವನ್ನು ಸೇರಿಸಿರುತ್ತಾರೆ. ರಸ್ತೆ ಕೆಲಸಗಳಿಗೆ ಕೇಂದ್ರ ಹೆದ್ದಾರಿ ಸಚಿವಾಲಯದ ಡೇಟಾ ಬುಕ್ ಲಾಭಕ್ಕೆಂದೇ ಶೇ. 10 ಹಿಡಿಯುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆ ಲಾಭ, ಮೇಲ್ವೆಚ್ಚ ಎರಡೂ ಸೇರಿ ಶೇ. 15 ಹಿಡಿಯುತ್ತದೆ. ಹಾಗಾಗಿ ಬಿಲೋ ಹಾಕುವವನು ಮೊದಲು ಬಿಟ್ಟುಕೊಡುವುದು ತನ್ನ ಲಾಭವನ್ನು, ಆಮೇಲೆ ಮೇಲ್ವೆಚ್ಚವನ್ನು. ಅದನ್ನೂ ದಾಟಿದ ಮೇಲೆ ಉಳಿಯುವುದು ಸಿಮೆಂಟ್, ಜಲ್ಲಿ ಮತ್ತು ಕೂಲಿ ಮಾತ್ರ.

ಇದರಲ್ಲಿ ಒಂದು ವಿನಾಯಿತಿ ಇದೆ. ದರಪಟ್ಟಿ ಬರೆದ ದಿನದ ಬೆಲೆ ಇವತ್ತಿನದಲ್ಲ. ಪಟ್ಟಿ ಹಿಡಿದ ಸಾಗಣೆ ದೂರವೂ ನಿಮ್ಮ ಕೆಲಸದ ಜಾಗಕ್ಕೆ ಇರುವ ನಿಜವಾದ ದೂರವಾಗಿರಬೇಕಿಲ್ಲ. ಕ್ವಾರಿ ಹತ್ತು ಕಿಲೋಮೀಟರಿನಲ್ಲಿ ಇದ್ದವನಿಗೆ ಜಲ್ಲಿಯಲ್ಲಿ ಉಳಿಯುತ್ತದೆ, ಐವತ್ತು ಕಿಲೋಮೀಟರಿನಿಂದ ತರುವವನಿಗೆ ಅದರಲ್ಲೇ ಹೋಗುತ್ತದೆ. ಆದ್ದರಿಂದ ಎಸ್‌ಆರ್‌ನಿಂದ ಕೆಳಕ್ಕೆ ಎಣಿಸುವುದು ಸರಿಯಾದ ದಾರಿಯಲ್ಲ. ನಮ್ಮ ಖರ್ಚನ್ನು ಬುಡದಿಂದ ಕಟ್ಟಿಕೊಂಡು ಮೇಲಕ್ಕೆ ಬರಬೇಕು.

ಒಂದು ಹಳ್ಳಿ ರಸ್ತೆಯ ಲೆಕ್ಕ

ಒಂದು ಸಣ್ಣ ಕೆಲಸವನ್ನೇ ತೆಗೆದುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕ ತೋರಿಸಲು ನಾನು ಹಿಡಿದವು, ನಿಮ್ಮ ತಾಲೂಕಿನಲ್ಲಿ ಬೇರೆ ಇರುತ್ತವೆ. ಎಲ್ಲವೂ ಜಿಎಸ್‌ಟಿ ಬಿಟ್ಟು. ಟೆಂಡರ್ ಪತ್ರದಲ್ಲಿ ಮೊತ್ತ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಮೊದಲು ಓದಿಕೊಳ್ಳಬೇಕು. ಇಂಥ ಕೆಲಸಕ್ಕೆ ಜಿಎಸ್‌ಟಿ ಶೇ. 18 ಇರುವಾಗ ಆ ಒಂದು ಸಾಲನ್ನು ತಪ್ಪಾಗಿ ಓದಿದರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಕೆಲಸ ಇಷ್ಟು: 250 ಮೀಟರ್ ಉದ್ದ, 4 ಮೀಟರ್ ಅಗಲದ ಸಿಸಿ ರಸ್ತೆ. ಕೆಳಗೆ 15 ಸೆಂಟಿಮೀಟರ್ ಜಿಎಸ್‌ಬಿ, ಅಂದರೆ ಜಲ್ಲಿ ಮತ್ತು ಕಲ್ಲುಪುಡಿ ಬೆರೆತ ತಳಪದರ. ಅದರ ಮೇಲೆ 15 ಸೆಂಟಿಮೀಟರ್ ಎಂ-30 ಕಾಂಕ್ರೀಟ್. ಎರಡೂ 150 ಘನ ಮೀಟರ್. ಇಲಾಖೆಯ ಅಂದಾಜಿನಲ್ಲಿ ಕಾಂಕ್ರೀಟಿಗೆ 10.5 ಲಕ್ಷ, ಜಿಎಸ್‌ಬಿಗೆ 2.7 ಲಕ್ಷ, ಅಗೆತ ಮತ್ತು ಪಕ್ಕದ ಮಣ್ಣಿಗೆ 1.8 ಲಕ್ಷ, ಒಟ್ಟು 15 ಲಕ್ಷ ರೂಪಾಯಿ.

ಕಾಂಕ್ರೀಟಿನಿಂದ ಶುರು ಮಾಡೋಣ. ಒಂದು ಘನ ಮೀಟರಿಗೆ 380 ಕಿಲೋ ಸಿಮೆಂಟ್ ಎಂದರೆ 7.6 ಚೀಲ. ಚೀಲಕ್ಕೆ 340ರಂತೆ 2,584 ರೂಪಾಯಿ. ಎಂ-ಸ್ಯಾಂಡ್ 750, ಜಲ್ಲಿ 920. ಚೆಲ್ಲಿ ಹಾಳಾಗುವುದಕ್ಕೆ ಸಾಮಾನಿನ ಮೇಲೆ ಶೇ. 3 ಸೇರಿಸಿದರೆ 4,382. ಮಿಕ್ಸರ್, ವೈಬ್ರೇಟರ್, ಡೀಸೆಲ್, ಹಾಕುವ ಕೂಲಿ, ಹಲಗೆ, ಪ್ಲಾಸ್ಟಿಕ್ ಹಾಳೆ, ಜಾಯಿಂಟ್ ಕಟಿಂಗ್, ನೀರುಣಿಸುವುದು ಎಲ್ಲಕ್ಕೂ 1,250. ಹೀಗೆ ಒಂದು ಘನ ಮೀಟರ್ 5,632 ರೂಪಾಯಿಗೆ ಬಂದು ನಿಲ್ಲುತ್ತದೆ. 150ಕ್ಕೆ 8,44,800.

ಕಾಗದದ ಮೇಲೆ ಕಾಂಕ್ರೀಟಿನ ಖರ್ಚು ಇಲ್ಲಿಗೆ ಮುಗಿಯುತ್ತದೆ. ಕೆಲಸದ ಜಾಗದಲ್ಲಿ ಮುಗಿಯುವುದಿಲ್ಲ.

ಅರ್ಧ ಸೆಂಟಿಮೀಟರಿನ ಬೆಲೆ

ಜಿಎಸ್‌ಬಿಯನ್ನು ರೋಲರ್ ಹೊಡೆದು ಎಷ್ಟೇ ಸಮ ಮಾಡಿದರೂ ಅದು ಕನ್ನಡಿಯಂತೆ ಇರುವುದಿಲ್ಲ. ಅಲ್ಲಲ್ಲಿ ತಗ್ಗು ಇರುತ್ತದೆ, ಆ ತಗ್ಗನ್ನೆಲ್ಲ ತುಂಬುವುದು ಕಾಂಕ್ರೀಟ್. ಎಲ್ಲೂ 15 ಸೆಂಟಿಮೀಟರಿಗಿಂತ ಕಡಿಮೆ ಆಗಬಾರದು ಎಂದರೆ ಸರಾಸರಿ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಈ ರಸ್ತೆಯ ವಿಸ್ತೀರ್ಣ 1,000 ಚದರ ಮೀಟರ್. ಸರಾಸರಿ ಒಂದೇ ಒಂದು ಸೆಂಟಿಮೀಟರ್ ಹೆಚ್ಚು ದಪ್ಪವಾದರೆ 10 ಘನ ಮೀಟರ್ ಕಾಂಕ್ರೀಟ್ ಹೆಚ್ಚು ಹೋಗುತ್ತದೆ, 56,320 ರೂಪಾಯಿ. ಅಳತೆ ಪುಸ್ತಕದಲ್ಲಿ ಬರೆಯುವುದು ಮಾತ್ರ ನಕ್ಷೆಯ 15 ಸೆಂಟಿಮೀಟರ್. ಮೇಲಿನದಕ್ಕೆ ಬಿಲ್ ಇಲ್ಲ.

ಮೇಸ್ತ್ರಿ ಚೆನ್ನಾಗಿದ್ದರೆ ಇದನ್ನು ಅರ್ಧ ಸೆಂಟಿಮೀಟರಿಗೆ ಹಿಡಿಯಬಹುದು. ನಾನು ಅಷ್ಟನ್ನೇ ಹಿಡಿಯುತ್ತೇನೆ: 5 ಘನ ಮೀಟರ್, 28,160 ರೂಪಾಯಿ. ಗುತ್ತಿಗೆದಾರನ ಹಿಂದಿನ ಕೆಲಸದಲ್ಲಿ ಇದು ನಿಜಕ್ಕೂ ಎಷ್ಟಾಗಿತ್ತು ಎಂದು ತಿಳಿಯಲು ಸುಲಭದ ದಾರಿ ಇದೆ. ಅಲ್ಲಿ ಖಾಲಿಯಾದ ಸಿಮೆಂಟ್ ಚೀಲಗಳನ್ನು ಬಿಲ್ ಆದ ಘನ ಮೀಟರಿನಿಂದ ಭಾಗಿಸಿ. 7.6 ಬರಬೇಕಿದ್ದ ಕಡೆ 8.1 ಬಂದರೆ ಹೆಚ್ಚಿನ ಅರ್ಧ ಚೀಲ ಒಂದೋ ತಗ್ಗಿಗೆ ಹೋಗಿದೆ, ಇಲ್ಲವೇ ಚೆಲ್ಲಿದೆ, ಇಲ್ಲವೇ ಯಾರದೋ ಮನೆ ಸೇರಿದೆ. ಮೂರರಲ್ಲಿ ಯಾವುದಾದರೂ ಸರಿ, ಮುಂದಿನ ಟೆಂಡರಿಗೆ ಹಿಡಿಯಬೇಕಾದದ್ದು ಆ 8.1ನ್ನೇ.

ಎರಡನೆಯ ಗುಂಡಿ ಜಿಎಸ್‌ಬಿಯಲ್ಲಿದೆ. ಬಿಲ್ ಆಗುವುದು ರೋಲರ್ ಹೊಡೆದು ಗಟ್ಟಿಯಾದ 150 ಘನ ಮೀಟರಿಗೆ. ಲಾರಿಯಲ್ಲಿ ಬರುವುದು ಸಡಿಲ ಸಾಮಾನು. ಗಟ್ಟಿಯಾದ ಮೇಲೆ 150 ಉಳಿಯಬೇಕಾದರೆ ಸಡಿಲ ಲೆಕ್ಕದಲ್ಲಿ ಸುಮಾರು 1.28 ಪಟ್ಟು, ಅಂದರೆ 192 ಘನ ಮೀಟರ್ ತರಿಸಬೇಕು. ಘನ ಮೀಟರಿಗೆ 850ರಂತೆ 1,63,200. ಹರಡಿ, ನೀರು ಹಾಕಿ, ರೋಲರ್ ಹೊಡೆಯಲು 22,500. ಒಟ್ಟು 1,85,700. ಹೊಸಬರು ಲಾರಿಯ ದರವನ್ನು ನೇರವಾಗಿ 150ರಿಂದ ಗುಣಿಸಿಬಿಡುತ್ತಾರೆ. ಆ ಒಂದು ಗುಣಾಕಾರದಲ್ಲಿ 35,700 ರೂಪಾಯಿ ಕಣ್ಮರೆಯಾಗುತ್ತದೆ.

ಅಗೆತ ಮತ್ತು ಪಕ್ಕದ ಮಣ್ಣಿಗೆ 1,20,000. ಸೂಪರ್‌ವೈಸರ್‌ಗೆ ಎರಡು ತಿಂಗಳ ಸಂಬಳ, ಕ್ಯೂಬ್ ಪರೀಕ್ಷೆ, ಓಡಾಟ, ಶೆಡ್ ಸೇರಿ 80,000. ಬಿಲ್ಲಿನಲ್ಲೇ ಮುರಿದುಕೊಳ್ಳುವ ಶೇ. 1 ಕಾರ್ಮಿಕ ಸೆಸ್, ವಿಮೆ, ಬ್ಯಾಂಕ್ ಗ್ಯಾರಂಟಿ ಶುಲ್ಕ ಸೇರಿ 24,000. ಇಲ್ಲಿಯವರೆಗೆ 12,82,660 ರೂಪಾಯಿ ಆಯಿತು.

ಬಿಲ್ಲಿನಲ್ಲಿ ಇನ್ನೂ ಕೆಲವು ಕಡಿತಗಳಿವೆ, ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬಾರದು. ಆದಾಯ ತೆರಿಗೆಯ ಟಿಡಿಎಸ್ ಮತ್ತು ಜಿಎಸ್‌ಟಿಯ ಟಿಡಿಎಸ್ ಖರ್ಚಲ್ಲ, ನಮ್ಮ ಲೆಕ್ಕಕ್ಕೆ ಜಮೆಯಾಗುವ ಹಣ. ಆದರೆ ಕಲ್ಲು, ಜಲ್ಲಿ, ಮರಳಿಗೆ ರಾಜಧನ ಕಟ್ಟಿದ ಪರ್ಮಿಟ್ ತೋರಿಸದಿದ್ದರೆ ಬಿಲ್ಲಿನಲ್ಲಿ ರಾಜಧನ ಮುರಿದುಕೊಳ್ಳುತ್ತಾರೆ. ಅದು ಮರಳಿ ಬರುವುದಿಲ್ಲ. ಪರ್ಮಿಟ್ ಇಲ್ಲದ ಜಲ್ಲಿ ಅಗ್ಗ ಎಂದು ಕೊಂಡವರಿಗೆ ಅದರ ನಿಜವಾದ ಬೆಲೆ ಗೊತ್ತಾಗುವುದು ಬಿಲ್ಲಿನ ದಿನ.

ಕಾಯುವುದಕ್ಕೂ ಬೆಲೆಯಿದೆ

ಬಿಲೋ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಮರೆತುಹೋಗುವ ಖರ್ಚು ಬಡ್ಡಿ. ಸಿಮೆಂಟಿಗೆ ಇಂದೇ ಹಣ ಕೊಡಬೇಕು, ಆಳಿಗೆ ಶನಿವಾರ ಬಟವಾಡೆ ಆಗಬೇಕು. ಇಲಾಖೆಯ ಹಣ ಮಾತ್ರ ಅಳತೆ ಆಗಿ, ಬಿಲ್ ಬರೆದು, ಅನುದಾನ ಬಿಡುಗಡೆಯಾದ ಮೇಲೆ ಬರುತ್ತದೆ.

ಈ ಕೆಲಸದಲ್ಲಿ 12 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನೋಣ. ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 18,000. ನಾಲ್ಕು ತಿಂಗಳಿಗೆ 72,000. ಭದ್ರತಾ ಠೇವಣಿಯೆಂದು ಬಿಲ್ಲಿನಲ್ಲಿ ಹಿಡಿದಿಡುವ ಸುಮಾರು 70,000 ರೂಪಾಯಿ ಎರಡು ವರ್ಷದ ದೋಷ ಹೊಣೆಗಾರಿಕೆ ಅವಧಿ ಮುಗಿದ ಮೇಲೆ ಕೈಸೇರುತ್ತದೆ ಎಂದರೆ, ಅದರ ಬಡ್ಡಿ ಇನ್ನೊಂದು 25,000. ಎರಡನ್ನೂ ಸೇರಿಸಿದಾಗ ಖರ್ಚು 13,79,660.

ಇದು ತಳ. 15 ಲಕ್ಷದ ಅಂದಾಜಿಗೆ ಸುಮಾರು 8 ಬಿಲೋ. ಇದರಲ್ಲಿ ಲಾಭ ಒಂದು ಪೈಸೆಯೂ ಸೇರಿಲ್ಲ.

ಈಗ ದಪ್ಪದ ಅರ್ಧ ಸೆಂಟಿಮೀಟರನ್ನೂ, ಸಡಿಲ ಜಿಎಸ್‌ಬಿಯನ್ನೂ, ಬಡ್ಡಿಯನ್ನೂ ಮರೆತವನ ಲೆಕ್ಕ ನೋಡಿ. ಅವನ ಕಾಗದದಲ್ಲಿ ಖರ್ಚು 12,18,800. ಅವನು 12 ಬಿಲೋ ಹಾಕುತ್ತಾನೆ, 13,20,000. ಒಂದು ಲಕ್ಷ ಉಳಿಯಿತು ಎಂದು ನೆಮ್ಮದಿಯಾಗಿ ಮಲಗುತ್ತಾನೆ. ನಿಜದಲ್ಲಿ ಆಗಲೇ ಅವನು 59,660 ರೂಪಾಯಿ ಕಳೆದುಕೊಂಡಾಗಿದೆ. ಅವನು ಮೋಸಗಾರನಲ್ಲ, ದಡ್ಡನೂ ಅಲ್ಲ. ಮೂರು ಸಾಲುಗಳನ್ನು ಬಿಟ್ಟಿದ್ದಾನೆ, ಅಷ್ಟೆ. ಕೆಲಸ ಸಿಕ್ಕಿದ್ದೂ ಆ ಮೂರು ಸಾಲು ಬಿಟ್ಟಿದ್ದಕ್ಕೇ.

1971ರಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ಎಂಬ ತೈಲ ಕಂಪನಿಯ ಮೂವರು ಎಂಜಿನಿಯರುಗಳು ಇದೇ ವಿಷಯವನ್ನು ಬೇರೆ ಕಡೆಯಿಂದ ನೋಡಿ ಬರೆದರು. ಮೆಕ್ಸಿಕೋ ಕೊಲ್ಲಿಯ ತೈಲ ಹರಾಜುಗಳಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದಷ್ಟು ಆದಾಯ ಬರುತ್ತಿರಲಿಲ್ಲ. ಹತ್ತು ಜನ ಒಂದೇ ತಾಣಕ್ಕೆ ಬೆಲೆ ಕಟ್ಟಿದರೆ, ಅದರ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ತಪ್ಪು ಅಂದಾಜು ಮಾಡಿದವನೇ ಗೆಲ್ಲುವ ಸಂಭವ ಜಾಸ್ತಿ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಆಗುವುದೇ ಟೆಂಡರಿನಲ್ಲಿ ಕಡಿಮೆ ಹಾಕಿದವನಿಗೂ ಆಗುತ್ತದೆ. ಪೈಪೋಟಿಗೆ ಬಂದವರು ಹೆಚ್ಚಾದಷ್ಟೂ ಅವರಲ್ಲಿ ಒಬ್ಬನಾದರೂ ಲೆಕ್ಕ ತಪ್ಪಿರುವ ಸಾಧ್ಯತೆ ಹೆಚ್ಚು. ಇಪ್ಪತ್ತು ಜನ ಬೀಳುವ ಟೆಂಡರಿನಲ್ಲಿ ಅವನಿಗಿಂತ ಕೆಳಗಿಳಿದು ಗೆಲ್ಲುವ ಹಟ ನಮಗೆ ಬೇಡ.

ಒಂದೇ ರಸ್ತೆ, ಬೇರೆ ಬೇರೆ ತಳ

ಹಾಗಾದರೆ ಸರಿಯಾಗಿ ಲೆಕ್ಕ ಹಾಕುವವರು ಎಂದಾದರೂ ಎಲ್-1 ಆಗುತ್ತಾರೆಯೇ? ಆಗುತ್ತಾರೆ. ಅದೇ ರಸ್ತೆಯ ತಳ ಎಲ್ಲರಿಗೂ ಒಂದೇ ಅಲ್ಲ.

ಪಕ್ಕದ ಊರಿನಲ್ಲೇ ಒಂದು ಕೆಲಸ ನಡೆಸುತ್ತಿರುವ ಗುತ್ತಿಗೆದಾರರನ್ನು ಊಹಿಸಿಕೊಳ್ಳಿ. ಅವರ ಸೂಪರ್‌ವೈಸರ್ ಎರಡನ್ನೂ ನೋಡಿಕೊಳ್ಳುತ್ತಾನೆ, ಸಂಬಳದಲ್ಲಿ 20,000 ಉಳಿಯಿತು. ಸಾಲಕ್ಕೆ ತರದೆ ಕೈಮೇಲೆ ಹಣ ಕೊಟ್ಟು ಸಿಮೆಂಟ್ ಕೊಳ್ಳುವುದರಿಂದ ಚೀಲಕ್ಕೆ 20 ರೂಪಾಯಿ ಕಡಿಮೆ, 1,178 ಚೀಲಕ್ಕೆ 23,560. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಯಾವ ಲೆಕ್ಕಶೀರ್ಷಿಕೆಯಲ್ಲಿ ಅನುದಾನ ಬಂದಿದೆ, ಹಣ ನಿಜಕ್ಕೂ ಬಿಡುಗಡೆ ಆಗಿದೆಯೇ, ಅದೇ ಕಚೇರಿಯಲ್ಲಿ ಹಳೆಯ ಬಿಲ್‌ಗಳು ಎಷ್ಟು ಬಾಕಿ ಇವೆ ಎಂದು ವಿಚಾರಿಸಿಕೊಂಡು, ಎರಡು ತಿಂಗಳಲ್ಲಿ ಹಣ ಬರುವ ಕೆಲಸವನ್ನೇ ಅವರು ಆರಿಸಿಕೊಂಡಿದ್ದಾರೆ. ಬಡ್ಡಿಯಲ್ಲಿ 36,000 ಉಳಿಯಿತು. ಒಟ್ಟು 79,560. ಅವರ ತಳ ಈಗ 13 ಲಕ್ಷ.

ಇವರು ಕಲಬೆರಕೆ ಮಾಡಿಲ್ಲ, ಯಾರ ಕೂಲಿಯನ್ನೂ ಕತ್ತರಿಸಿಲ್ಲ. ಬಿಲೋ ಹಾಕಲು ಪ್ರಾಮಾಣಿಕ ಜಾಗ ಇರುವುದು ಇಂಥ ಕಡೆಗಳಲ್ಲಿ: ಹತ್ತಿರ, ಕೈಯಲ್ಲಿರುವ ನಗದು, ಸುಮ್ಮನೆ ನಿಂತಿರುವ ಸ್ವಂತ ಮಿಕ್ಸರ್, ಬೇಗ ಹಣ ಬರುವ ಕಚೇರಿ. ಇವುಗಳಲ್ಲಿ ಒಂದೂ ನಿಮಗಿಲ್ಲದ ಟೆಂಡರ್ ನಿಮ್ಮದಲ್ಲ.

ತಳ ಸಿಕ್ಕ ಮೇಲೆ ಮಾತ್ರ ಎದುರಾಳಿಗಳ ವಿಚಾರ. ಟೆಂಡರ್ ತೆರೆದಾಗ ಯಾರು ಎಷ್ಟು ಹಾಕಿದ್ದರು ಎಂಬ ತುಲನಾ ಪಟ್ಟಿ ಭಾಗವಹಿಸಿದವರಿಗೆ ಸಿಗುತ್ತದೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ: ಊರು, ಕೆಲಸದ ಬಗೆ, ಎಷ್ಟು ಜನ ಬಿದ್ದಿದ್ದರು, ಎಲ್-1 ಎಷ್ಟು ಬಿಲೋ. ಮೂವತ್ತು ನಲವತ್ತು ಟೆಂಡರ್ ಆಗುವಷ್ಟರಲ್ಲಿ ಒಂದು ಚಿತ್ರ ಮೂಡುತ್ತದೆ. 1956ರಲ್ಲಿ ಲಾರೆನ್ಸ್ ಫ್ರೀಡ್‌ಮನ್ ಎಂಬ ಅಮೆರಿಕನ್ ಇದಕ್ಕೊಂದು ಗಣಿತ ಕಟ್ಟಿಕೊಟ್ಟರು. ಸಾರ ಸರಳ: ಗೆದ್ದರೆ ಉಳಿಯುವ ಹಣವನ್ನು ಗೆಲ್ಲುವ ಸಂಭವದಿಂದ ಗುಣಿಸಬೇಕು.

13 ಲಕ್ಷ ತಳದ ನಮ್ಮ ಗುತ್ತಿಗೆದಾರರ ನೋಟ್‌ಬುಕ್ ಹೀಗೆ ಹೇಳುತ್ತದೆ ಎನ್ನೋಣ. 5 ಬಿಲೋ ಹಾಕಿದರೆ ಹತ್ತರಲ್ಲಿ ಒಂದು ಸಿಗುತ್ತದೆ, 9 ಹಾಕಿದರೆ ಮೂರು, 12 ಹಾಕಿದರೆ ಆರು. ಐದರಲ್ಲಿ ಲಾಭ 1,25,000, ಆದರೆ ಹತ್ತರಲ್ಲಿ ಒಂದೇ ಸಿಗುವುದರಿಂದ ಪ್ರತಿ ಟೆಂಡರಿಗೆ ಸರಾಸರಿ 12,500. ಒಂಬತ್ತರಲ್ಲಿ ಲಾಭ 65,000, ಸರಾಸರಿ 19,500. ಹನ್ನೆರಡರಲ್ಲಿ ಲಾಭ ಬರೀ 20,000, ಸರಾಸರಿ 12,000. ಇವರಿಗೆ ಸರಿಯಾದ ಉತ್ತರ 9. ಹನ್ನೆರಡು ಹಾಕಿದರೆ ಎರಡರಷ್ಟು ಕೆಲಸ ಸಿಗುತ್ತದೆ, ಎರಡರಷ್ಟು ಓಡಾಟ, ಎರಡರಷ್ಟು ಸಾಲ, ಉಳಿಯುವುದು ಮಾತ್ರ ಕಡಿಮೆ. ಹತ್ತು ಟೆಂಡರಿನಲ್ಲಿ ಏಳನ್ನು ಸೋಲುವುದು ಇಲ್ಲಿ ಲೆಕ್ಕದ ಭಾಗವೇ.

ಆದರೂ ಈ 65,000 ಎಷ್ಟು ತೆಳುವಾದ ಲಾಭ ನೋಡಿ. ಬಿಲ್ ಹೇಳಿದ್ದಕ್ಕಿಂತ ಮೂರೂವರೆ ತಿಂಗಳು ತಡವಾದರೆ ಬಡ್ಡಿಗೇ ಅಷ್ಟೂ ಹೋಗುತ್ತದೆ. ಇಲ್ಲಿ ಗುತ್ತಿಗೆದಾರರ ಕೈ ಕಟ್ಟಿದಂತೆಯೇ. ಹಣ ಇಂಥ ದಿನ ಬರುತ್ತದೆ ಎಂದು ಇಲಾಖೆ ಖಚಿತವಾಗಿ ಹೇಳಿದರೆ ಎಲ್ಲರ ತಳವೂ ಒಂದೇ ಸಲ ಇಳಿಯುತ್ತದೆ. ತಡವಾಗುವ ಬಿಲ್ಲಿನ ಬಡ್ಡಿಯನ್ನು ಕೊನೆಗೆ ಭರಿಸುವುದು ದುಬಾರಿ ಟೆಂಡರಿನ ಮೂಲಕ ಸರ್ಕಾರವೇ, ಇಲ್ಲವೇ ತೆಳುವಾದ ಕಾಂಕ್ರೀಟಿನ ಮೂಲಕ ಊರಿನವರು.

ತಳದ ಕೆಳಗೆ ಏನಿದೆ?

ತಳಕ್ಕಿಂತ ಕೆಳಗೆ ಹಾಕಿ ಗೆದ್ದವನ ಮುಂದೆ ಮೂರು ದಾರಿ ಇರುತ್ತವೆ. ಒಪ್ಪಂದಕ್ಕೆ ಸಹಿ ಹಾಕದೆ ಹಿಂದೆ ಸರಿದರೆ ಇಎಂಡಿ ಹೋಗುತ್ತದೆ, ಕಪ್ಪುಪಟ್ಟಿಗೆ ಸೇರುವ ಭಯವೂ ಇದೆ. ನಷ್ಟವನ್ನು ನುಂಗಿ ಕೆಲಸ ಮುಗಿಸಬಹುದು, ಮರ್ಯಾದಸ್ಥರು ಎಷ್ಟೋ ಜನ ಹಾಗೆ ಮಾಡಿ ಸಾಲದಲ್ಲಿ ಬಿದ್ದಿದ್ದಾರೆ. ಮೂರನೆಯದು, 7.6 ಚೀಲದ ಜಾಗದಲ್ಲಿ ಆರು ಚೀಲ ಹಾಕುವುದು, 15 ಸೆಂಟಿಮೀಟರನ್ನು ಹನ್ನೆರಡಕ್ಕೆ ಇಳಿಸುವುದು.

ಇದು ಪತ್ತೆಯಾಗುವುದು ಕಷ್ಟವೇನಲ್ಲ. 28 ದಿನದ ಕ್ಯೂಬ್ ಪರೀಕ್ಷೆ ಸಿಮೆಂಟಿನ ಸುಳ್ಳನ್ನು ಹೇಳಿಬಿಡುತ್ತದೆ. ರಸ್ತೆಯಿಂದ ಕೊಳವೆಯಂತೆ ಕೊರೆದು ತೆಗೆದ ಕೋರ್‌ಗೆ ಟೇಪು ಹಿಡಿದರೆ ದಪ್ಪ ಗೊತ್ತಾಗುತ್ತದೆ. ಇವೆರಡನ್ನೂ ದಾಟಿಕೊಂಡರೂ ಕಬ್ಬಿನ ಲಾರಿಗಳು ಓಡಾಡುವ ಒಂದು ಹಂಗಾಮು ಸಾಕು, ಮೊದಲು ಜಾಯಿಂಟಿನ ಮೂಲೆಗಳು ಒಡೆಯುತ್ತವೆ. ಹೊಣೆಗಾರಿಕೆ ಅವಧಿ ಮುಗಿದಿರದಿದ್ದರೆ ಆ ಹಲಗೆಯನ್ನು ಒಡೆದು, ಎತ್ತಿ ಸಾಗಿಸಿ, ಹೊಸದಾಗಿ ಹಾಕುವುದು ಅದೇ ಗುತ್ತಿಗೆದಾರನ ಖರ್ಚು. ಉಳಿಸಿದ ಸಿಮೆಂಟಿಗಿಂತ ಅದು ದುಬಾರಿ. ಇದನ್ನು ತಡೆಯಲೆಂದೇ, ಅಂದಾಜಿಗಿಂತ ತೀರಾ ಕಡಿಮೆ ಹಾಕಿದವರಿಂದ ದರ ವಿಶ್ಲೇಷಣೆ ಕೇಳುವ, ಹೆಚ್ಚುವರಿ ಭದ್ರತೆ ಪಡೆಯುವ ಷರತ್ತು ಹಲವು ಟೆಂಡರುಗಳಲ್ಲಿ ಇರುತ್ತದೆ. ಆ ವಿಶ್ಲೇಷಣೆಯನ್ನು ಗೆದ್ದ ಮೇಲೆ ಬರೆಯುವ ಬದಲು ಮೊತ್ತ ಹಾಕುವ ಮೊದಲೇ ಬರೆದವರಿಗೆ ಅದು ಹೊರೆಯಲ್ಲ.

ಮೊನ್ನೆ ಫೋನ್ ಮಾಡಿದ ಗುತ್ತಿಗೆದಾರರಿಗೂ ನಾನು ಇದೇ ಪ್ರಶ್ನೆ ಹಾಕಿದೆ. ಅವರು ಮೊದಲು 14 ಬಿಲೋ ಎಂದಿದ್ದರು. ಸಿಮೆಂಟ್ ಚೀಲ, ಲಾರಿ ಲೋಡು, ಬಡ್ಡಿ ಎಲ್ಲವನ್ನೂ ಸಾಲಾಗಿ ಬರೆದುಕೊಂಡೆವು. ಕೂಡಿ ನೋಡಿದರೆ ತಳ ಏಳು ಬಿಲೋಗೇ ನಿಂತಿತು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ‘ಹಾಗಾದ್ರೆ ಮೂರು ಹಾಕ್ತೀನಿ ಸರ್, ಸಿಗದಿದ್ರೆ ಬೇಡ,’ ಎಂದರು.

ಸಿಗಲಿಲ್ಲ. ಎಲ್-1 ಆದವರು 16 ಬಿಲೋ ಹಾಕಿದ್ದರು. ನೋಟ್‌ಬುಕ್ಕಿನಲ್ಲಿ ಆ ಅಂಕಿಯನ್ನು ಬರೆದುಕೊಳ್ಳಿ ಎಂದು ಹೇಳಿದ್ದೇನೆ. ಮಳೆಗಾಲ ಮುಗಿದ ಮೇಲೆ ಆ ರಸ್ತೆಯನ್ನೊಮ್ಮೆ ನಡೆದು ನೋಡಿ, ಜಾಯಿಂಟಿನ ಮೂಲೆಗಳು ಹೇಗಿವೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ ಎಂದೂ ಹೇಳಿದ್ದೇನೆ.